ಐದು ಸೆಕೆಂಡಲ್ಲಿ ಅಹಲ್ಯೆ ಕಲ್ಲಾಗಿಬಿಡ್ತಾಳೆ

ಬೇಸಿಗೆ ರಜೆ ಬಂತು ಅಂದ್ರೆ ನಮ್ಮ ಬೋಗಾದಿ ಕಡೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಹುಡುಗ್ರನ್ನ ಬಿಸಿಲಿಗೆ ಬಿಡೋ ಹಾಗಿಲ್ಲ. ಒಳಗೆ ಕೂತ್ರೆ ಕೈಗೆ ಮೊಬೈಲು. ಹಾಳುಮೂಳು ನೋಡೋದಕ್ಕಿಂತ ಇದು ವಾಸಿ ಅಂತ ನಾವೇ ಹಾಕ್ಕೊಡೋದು ರಾಮಾಯಣ ಮಹಾಭಾರತದ ಕ್ವಿಜ್ ವಿಡಿಯೋಗಳನ್ನ. ನೀವೂ ನೋಡಿರ್ತೀರಿ. ಒಂದು ಕಾರ್ಡಲ್ಲಿ ಪ್ರಶ್ನೆ ಬರ್ತದೆ, ಕೆಳಗೆ ನಾಲ್ಕು ಹೆಸರು, ಪಕ್ಕದಲ್ಲಿ ಐದು, ನಾಲ್ಕು, ಮೂರು ಅಂತ ಟಿಕ್ ಟಿಕ್ ಸದ್ದು. ಆಮೇಲೆ ಗಂಟೆ ಬಾರಿಸಿ ಒಂದು ಹೆಸರು ಹಸಿರು ಬಣ್ಣಕ್ಕೆ ತಿರುಗ್ತದೆ. ಹುಡುಗ್ರು ಹೋ ಅಂತಾರೆ. ಮುಂದಿನ ಪ್ರಶ್ನೆ.

ಈ ವಿಡಿಯೋಗಳೇ ಬೇಡ ಅನ್ನೋಳಲ್ಲ ನಾನು. ರಾಮನ ತಮ್ಮಂದಿರ ಹೆಸರು, ಪಾಂಡವರ ತಾಯಂದಿರ ಹೆಸರು ಆಟದಲ್ಲೇ ಬಾಯಿಗೆ ಬರೋದಾದ್ರೆ ಬರಲಿ. ನನ್ನ ತಕರಾರು ಎರಡೇ. ಒಂದು, ಯೋಚನೆ ಮಾಡೋಕೆ ಅಂತ ಬಿಡೋ ಆ ಐದು ಸೆಕೆಂಡು ಯೋಚನೆಗೆ ಸಾಲದು. ಎರಡನೇದು ದೊಡ್ಡದು: ಉತ್ತರದ ಕಾರ್ಡು ಇದು ಯಾರು ಹೇಳಿದ ಕಥೆ ಅನ್ನೋದನ್ನ ಹೇಳೋದೇ ಇಲ್ಲ.

ಮೊದಲು ಸಮಯದ ಮಾತು. ಮೂರನೇ ಕ್ಲಾಸಿನ ಮಗು ಕನ್ನಡ ಅಕ್ಷರ ಕೂಡಿಸಿ ಓದೋದನ್ನ ಪಕ್ಕದಲ್ಲಿ ಕೂತು ನೋಡಿ. "ಸಂಜೀವಿನಿ ಪರ್ವತವನ್ನು ಹೊತ್ತು ತಂದವರು ಯಾರು?" ಅನ್ನೋ ಒಂದು ಸಾಲು ಓದೋಕೇ ನಮ್ಮನೆ ಹುಡುಗನಿಗೆ ಆರೇಳು ಸೆಕೆಂಡು ಬೇಕು. ಒತ್ತಕ್ಷರ ಬಂದ ಕಡೆ ಇನ್ನೊಂಚೂರು. ಆಮೇಲೆ ನಾಲ್ಕು ಹೆಸರು ಓದಬೇಕು. ಎಣಿಕೆ ಮಾತ್ರ ಕಾರ್ಡು ಬಂದ ತಕ್ಷಣವೇ ಶುರುವಾಗಿರ್ತದೆ. ಹಾಗಾಗಿ ಮಗು ಓದೋದನ್ನೇ ಬಿಟ್ಟು "ಬಿ, ಬಿ" ಅಂತ ಅಕ್ಷರ ಕೂಗೋದನ್ನ ಕಲೀತದೆ. ನಾಲ್ಕರಲ್ಲಿ ಒಂದು ಸಲ ಹೊಡೆದ ಗುರಿ ತಾನಾಗೇ ತಾಕ್ತದೆ, ಸರಿಯಾಯ್ತು ಅಂತ ಕುಣೀತದೆ. ಕಥೆ ಗೊತ್ತಿದ್ದ ಮಗು ಯಾವುದು, ಊಹೆ ಹೊಡೆದ ಮಗು ಯಾವುದು ಅಂತ ನಮಗೆ ತಿಳಿಯೋದೇ ಇಲ್ಲ.

ಕೊಟ್ಟ ಹೆಸರುಗಳೂ ಹಾಗೇ. ಸಂಜೀವಿನಿ ಪ್ರಶ್ನೆಗೆ ಹನುಮಂತ, ಶಕುನಿ, ಕುಂಭಕರ್ಣ, ದ್ರೌಪದಿ ಅಂತ ಕೊಟ್ರೆ ಅದು ಪ್ರಶ್ನೆನೇ ಅಲ್ಲ. ಕಥೆ ಕೇಳದೇ ಇರೋ ಮಗುನೂ ಹನುಮಂತ ಅಂತದೆ. ಅದೇ ಹನುಮಂತ, ಸುಗ್ರೀವ, ಅಂಗದ, ಜಾಂಬವಂತ ಅಂತ ಕೊಡಿ, ಆಗ ಮಗು ಒಂದು ನಿಮಿಷ ನಿಲ್ತದೆ. ನಾಲ್ವರೂ ಆ ಯುದ್ಧದಲ್ಲಿ ಇದ್ದೋರೇ. ಮೂಲಿಕೆ ಇರೋ ಬೆಟ್ಟದ ಗುರುತು ಹೇಳಿದೋನು ಜಾಂಬವಂತ, ಹೋಗಿ ತಂದೋನು ಹನುಮಂತ ಅಂತ ಕಥೆ ಬಿಡಿಸಿ ನೆನಪು ಮಾಡ್ಕೋಬೇಕು. ವಿಡಿಯೋ ಒಳ್ಳೇದೋ ಅಲ್ವೋ ಅಂತ ನೋಡೋಕೆ ನಾನೊಂದು ಉಪಾಯ ಮಾಡ್ತೀನಿ. ಪ್ರಶ್ನೆ ಇರೋ ಕಡೆ ಅಂಗೈ ಮುಚ್ಚಿ ಬರೀ ನಾಲ್ಕು ಹೆಸರು ಓದೋದು. ಪ್ರಶ್ನೆ ನೋಡ್ದೇ ಉತ್ತರ ಗೊತ್ತಾದ್ರೆ ಆ ಪ್ರಶ್ನೆ ದಂಡ.

ಇವೆಲ್ಲ ಸಣ್ಣವು, ಸರಿ ಮಾಡ್ಕೋಬಹುದು. ನನಗೆ ನಿಜವಾಗಿ ಕಸಿವಿಸಿ ಆಗೋದು ಇನ್ನೊಂದು ತರದ ಪ್ರಶ್ನೆಗೆ. "ಸೀತೆ ಯಾವ ರೇಖೆ ದಾಟಿದ್ದರಿಂದ ಅಪಹರಣವಾಯಿತು?" ಐದು, ನಾಲ್ಕು, ಮೂರು. ಲಕ್ಷ್ಮಣ ರೇಖೆ. ಹಸಿರು ಬಣ್ಣ, ಚಪ್ಪಾಳೆ.

ನಮ್ಮ ಮನೇಲಿ ಮಾವನವರ ಕಾಲದ ವಾಲ್ಮೀಕಿ ರಾಮಾಯಣ ಇದೆ, ಕನ್ನಡ ಅರ್ಥ ಸಹಿತ. ಮಧ್ಯಾಹ್ನ ಪಾತ್ರೆ ಪಗಡಿ ಆದ ಮೇಲೆ ಒಂದೊಂದು ಸರ್ಗ ಓದೋದು ನನಗೆ ಅಭ್ಯಾಸ. ಅರಣ್ಯಕಾಂಡದಲ್ಲಿ ಮಾರೀಚ ರಾಮನ ದನಿಯಲ್ಲಿ ಕೂಗ್ತಾನೆ. ಹೋಗು ಅಂತ ಸೀತೆ ಹೇಳ್ತಾಳೆ, ಲಕ್ಷ್ಮಣ ಅಣ್ಣನಿಗೇನೂ ಆಗಿರಲ್ಲ ಅಂತಾನೆ. ಸೀತೆ ಬಾಯಿಗೆ ಬಂದ ಹಾಗೆ ಅಂತಾಳೆ. ಅವನು ನೊಂದ್ಕೊಂಡು, ವನದೇವತೆಗಳು ನಿನ್ನನ್ನ ಕಾಪಾಡಲಿ ಅಂತ ಹೇಳಿ ಹೊರಡ್ತಾನೆ. ಅಷ್ಟೇ. ಬಾಣದಲ್ಲಿ ಗೆರೆ ಎಳೆದದ್ದೂ ಇಲ್ಲ, ಅವಳು ದಾಟಿದ್ದೂ ಇಲ್ಲ. ರಾವಣ ಸನ್ಯಾಸಿ ವೇಷದಲ್ಲಿ ಬರ್ತಾನೆ, ಅವಳು ಅತಿಥಿ ಅಂತ ಸತ್ಕಾರ ಮಾಡ್ತಾಳೆ, ಅವನು ಹೊತ್ಕೊಂಡು ಹೋಗ್ತಾನೆ.

ಹಾಗಂತ ಗೆರೆ ಕಥೆ ಯಾರೋ ನಿನ್ನೆ ಮೊನ್ನೆ ಹುಟ್ಟಿಸಿದ್ದೂ ಅಲ್ಲ. ತುಲಸೀದಾಸರ ರಾಮಚರಿತಮಾನಸದಲ್ಲಿ ಮಂಡೋದರಿ ಗಂಡನನ್ನ ಹಂಗಿಸೋವಾಗ ಆ ಗೆರೆ ಮಾತು ಬರ್ತದೆ: ರಾಮನ ತಮ್ಮ ಎಳೆದ ಸಣ್ಣ ಗೆರೆ ದಾಟೋಕೂ ನಿನ್ನ ಕೈಲಿ ಆಗ್ಲಿಲ್ಲ ಅನ್ನೋ ಅರ್ಥದಲ್ಲಿ. ನೋಡಿ, ಅಲ್ಲಿ ಗೆರೆ ರಾವಣನ ಬಲಹೀನತೆಗೆ ಗುರುತು, ಸೀತೆಯ ತಪ್ಪಿಗಲ್ಲ. 1987ರಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೇಲಿ ಬೀದಿ ಜನ ಎಲ್ಲ ಸೇರ್ತಿದ್ವಿ. ಅದರಲ್ಲಿ ಗೆರೆ ಕಣ್ಣಿಗೇ ಕಾಣೋ ಹಾಗೆ ಬಂತು. ನಮ್ಮ ತಲೆಮಾರಿಗೆ ಅದು ಅಚ್ಚಾಗಿ ಕೂತ್ಬಿಟ್ಟಿದೆ.

ಈಗ ಆ ಪ್ರಶ್ನೆಯನ್ನ ಇನ್ನೊಂದ್ಸಲ ಓದಿ. "ದಾಟಿದ್ದರಿಂದ" ಅಂತ ಇದೆ. ಹತ್ತು ವರ್ಷದ ಹೆಣ್ಣುಮಗು ಅದರಿಂದ ಏನು ಕಲೀತು? ಹೊತ್ಕೊಂಡು ಹೋದೋನು ಪಕ್ಕಕ್ಕೆ ಸರಿದ, ಗೆರೆ ದಾಟಿದೋಳು ಎದುರಿಗೆ ಬಂದ್ಲು. ನಮ್ಮನೆ ಮೊಮ್ಮಗಳು ಕೇಳಿಯೂ ಕೇಳಿದ್ಲು, "ಹಾಗಾದ್ರೆ ತಪ್ಪು ಸೀತೆದಾ ಅಜ್ಜಿ?" ಅಂತ. ವಿಡಿಯೋ ಅಷ್ಟು ಹೊತ್ತಿಗೆ ಜಟಾಯು ಪ್ರಶ್ನೆಗೆ ಹೋಗಿತ್ತು. ನಿಲ್ಲಿಸಿ ಅವಳಿಗೆ ಎರಡೂ ಕಥೆ ಹೇಳ್ದೆ.

ಅಹಲ್ಯೆಯದ್ದು ಇನ್ನೂ ಹೆಚ್ಚು. "ರಾಮನ ಪಾದಸ್ಪರ್ಶದಿಂದ ಕಲ್ಲಿನಿಂದ ಹೆಣ್ಣಾದವಳು ಯಾರು?" ಈ ಪ್ರಶ್ನೆ ಇಲ್ಲದ ರಾಮಾಯಣ ಕ್ವಿಜ್ಜೇ ನಾನು ಕಂಡಿಲ್ಲ. ವಾಲ್ಮೀಕಿಯ ಬಾಲಕಾಂಡದಲ್ಲಿ ಅಹಲ್ಯೆ ಕಲ್ಲಾಗೋದೇ ಇಲ್ಲ. ಗಾಳಿಯೇ ಆಹಾರವಾಗಿ, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಕಾಣದ ಹಾಗೆ ಈ ಆಶ್ರಮದಲ್ಲೇ ತಪಸ್ಸಲ್ಲಿ ಇರು, ರಾಮ ಬಂದಾಗ ಶುದ್ಧಳಾಗ್ತೀಯ ಅನ್ನೋದು ಗೌತಮರ ಶಾಪ. ವಿಶ್ವಾಮಿತ್ರರ ಜೊತೆ ಮಿಥಿಲೆಗೆ ಹೋಗ್ತಾ ರಾಮ ಲಕ್ಷ್ಮಣರು ಆ ಆಶ್ರಮದ ಒಳಗೆ ಬರ್ತಾರೆ. ಅವಳು ಕಣ್ಣಿಗೆ ಕಾಣಿಸ್ಕೋತಾಳೆ. ಆಗ ಆ ಇಬ್ಬರು ಹುಡುಗ್ರು ಮಾಡಿದ್ದೇನು ಗೊತ್ತಾ? ಅವಳ ಪಾದ ಮುಟ್ಟಿ ನಮಸ್ಕಾರ ಮಾಡಿದ್ರು. ಅವಳು ಕಾಲಿಗೆ ನೀರು ಕೊಟ್ಟು ಅತಿಥಿ ಸತ್ಕಾರ ಮಾಡಿದ್ಲು.

ಪಾದ ಯಾರದು, ಕೈ ಯಾರದು ಅನ್ನೋದೇ ತಿರುಗುಮುರುಗು. ಕಲ್ಲಿನ ಕಥೆಯೂ ಹಳೇದೇ. ಕಾಳಿದಾಸನ ರಘುವಂಶದಲ್ಲೇ ಅವಳು ಕಲ್ಲಾಗಿದ್ದು ರಾಮನ ಪಾದಧೂಳಿಯಿಂದ ಮೊದಲಿನ ರೂಪಕ್ಕೆ ಬರ್ತಾಳೆ. ರಾಮ ದೇವರು ಅನ್ನೋ ಭಕ್ತಿಯಲ್ಲಿ ಆ ಕಥೆಗೂ ಅದರ ಚೆಂದ ಇದೆ, ನಾನೇನು ಅದನ್ನ ಅಳಿಸಿ ಅನ್ನೋಲ್ಲ. ಆದ್ರೆ ತನಗಿಂತ ಹಿರೀಳಾದ, ಎಲ್ಲರೂ ದೂರ ಮಾಡಿದ ಹೆಂಗಸಿನ ಕಾಲಿಗೆ ಬಗ್ಗಿದ ಹುಡುಗ ರಾಮನೂ ನಮ್ಮ ಮಕ್ಕಳಿಗೆ ಗೊತ್ತಿರಬೇಡವೇ? ಐದು ಸೆಕೆಂಡಿನ ಕಾರ್ಡು ಒಂದನ್ನ ಹಸಿರು ಮಾಡಿ, ಇನ್ನೊಂದನ್ನ ಇಲ್ಲವೇ ಇಲ್ಲ ಅನ್ನಿಸಿಬಿಡ್ತದೆ.

"ಅತ್ತೆ, ಮಕ್ಕಳ ಆಟಕ್ಕೆ ಇಷ್ಟೆಲ್ಲ ಯಾಕೆ, ಅವಕ್ಕೆ ಗೊಂದಲ ಆಗಲ್ವಾ?" ಅಂತ ನಮ್ಮ ಸೊಸೆ ಕೇಳ್ತಾಳೆ. ಮಕ್ಕಳಿಗೆ ಗೊಂದಲ ಆಗಲ್ಲ ಕಣ್ರೀ. ಒಂದೇ ಬಿಸಿಬೇಳೆಬಾತನ್ನ ಅಮ್ಮ ಒಂದು ತರ, ದೊಡ್ಡಮ್ಮ ಒಂದು ತರ ಮಾಡ್ತಾರೆ ಅಂತ ಅವಕ್ಕೆ ಗೊತ್ತು. ಕಥೆನೂ ಹಾಗೇ ಅಂದ್ರೆ ಒಪ್ಕೋತವೆ. ಕನ್ನಡದೋರಿಗಂತೂ ಇದು ಹೊಸದೇ ಅಲ್ಲ. "ರಾವಣನನ್ನು ಕೊಂದವರು ಯಾರು?" ಅನ್ನೋ ಎಲ್ಲಕ್ಕಿಂತ ಸುಲಭದ ಪ್ರಶ್ನೆ ತಗೊಳ್ಳಿ. ನಾಗಚಂದ್ರನ ಹಳಗನ್ನಡದ ಪಂಪ ರಾಮಾಯಣದಲ್ಲಿ, ಅದು ಜೈನರ ಕಥೆ, ಕೊಲ್ಲೋದು ಲಕ್ಷ್ಮಣ. ಪ್ರಶ್ನೆಯಲ್ಲಿ "ವಾಲ್ಮೀಕಿ ರಾಮಾಯಣದಲ್ಲಿ" ಅಂತ ಒಂದು ಮಾತು ಸೇರಿಸಿದ್ರೆ ಜಗಳವೇ ಇಲ್ಲ.

ಹೇಳಿದ್ದನ್ನ ಮಾಡಿ ನೋಡೋಣ ಅಂತ ಈ ರಜೇಲಿ ಮೊಮ್ಮಕ್ಕಳನ್ನ ಕೂರಿಸ್ಕೊಂಡು ನಾವೇ ಹತ್ತು ಪ್ರಶ್ನೆಯ ವಿಡಿಯೋ ಮಾಡಿದ್ವಿ. ಬಿಳೀ ರಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದು ಫೋಟೋ ತೆಗೆದು, ಸೊಸೆ ಮೊಬೈಲಲ್ಲಿ ಜೋಡಿಸಿದ್ಲು. ಮೊದಲು ಬರೀ ಪ್ರಶ್ನೆ, ನಾನು ಗಟ್ಟಿಯಾಗಿ ಓದೋದು, ಎಂಟು ಸೆಕೆಂಡು. ಆಮೇಲೆ ನಾಲ್ಕು ಹೆಸರು, ಅದನ್ನೂ ಓದೋದು, ಇನ್ನೆಂಟು ಸೆಕೆಂಡು. ಅದಾದ ಮೇಲೆ ಎಣಿಕೆ ಹತ್ತರಿಂದ ಒಂದರ ತನಕ, ಟಿಕ್ ಟಿಕ್ ಇಲ್ದೆ. ಆ ಸದ್ದಿದ್ರೆ ಚಿಕ್ಕವು ಗಾಬರಿ ಬಿದ್ದು ಕೂಗೋದು ಜಾಸ್ತಿ. ಉತ್ತರದ ಕಾರ್ಡಿಗೆ ಹದಿನಾಲ್ಕು ಸೆಕೆಂಡು. ಒಂದು ಪ್ರಶ್ನೆಗೆ ಒಟ್ಟು ನಲವತ್ತು, ಹತ್ತಕ್ಕೆ ಏಳು ನಿಮಿಷದ ಒಳಗೇ ಮುಗೀತು.

ಉತ್ತರದ ಕಾರ್ಡಲ್ಲಿ ಹೆಸರಿನ ಕೆಳಗೆ ಒಂದು ಸಾಲು, "ವಾಲ್ಮೀಕಿ, ಅರಣ್ಯಕಾಂಡ" ಅಂತ. ಶಬರಿ ಕಾರ್ಡಿಗೆ ಮಾತ್ರ ಎರಡು ಸಾಲು ಬೇಕಾಯ್ತು. ಪಂಪಾ ತೀರದಲ್ಲಿ ಕೂಡಿಟ್ಟ ಕಾಡಿನ ಹಣ್ಣು ಹಂಪಲನ್ನ ಅವಳು ರಾಮನಿಗೆ ಕೊಟ್ಟದ್ದು ವಾಲ್ಮೀಕಿಯಲ್ಲಿದೆ, ಕಚ್ಚಿ ರುಚಿ ನೋಡಿ ಕೊಟ್ಟದ್ದು ಅಲ್ಲಿಲ್ಲ. ಹಾಗಾಗಿ "ರುಚಿ ನೋಡಿದ ಕಥೆ ಆಮೇಲಿನ ಭಕ್ತರದು" ಅಂತ ಬರೆದ್ವಿ. ನಮ್ಮ ಕೊಪ್ಪಳ ಜಿಲ್ಲೆ ಆನೆಗೊಂದಿ ಹತ್ರ ಪಂಪಾ ಸರೋವರ ಇದೆ, ಅಲ್ಲೇ ಶಬರಿ ಗುಹೆ ಅಂತ ತೋರಿಸ್ತಾರೆ ಅಂದದ್ದಕ್ಕೆ ಹುಡುಗ್ರು ಮುಂದಿನ ಪ್ರಶ್ನೆ ಬಿಟ್ಟು ಅಲ್ಲಿಗೆ ಎಷ್ಟು ದೂರ ಅಂತ ಶುರು ಮಾಡಿದ್ವು.

ಒಂದೇ ಉತ್ತರ ಇರೋ ಪ್ರಶ್ನೆಗೆ ಎಣಿಕೆ ಇಟ್ಕೊಳ್ಳಿ. ಭರತನ ತಾಯಿ ಯಾರು, ಜಟಾಯುವಿನ ಅಣ್ಣ ಯಾರು, ಇಂಥವಕ್ಕೆ ಅದು ಚೆನ್ನ. "ಕುಂತಿಗೆ ಎಷ್ಟು ಮಕ್ಕಳು?" ಅನ್ನೋದಕ್ಕೆ ಬೇಡ. ಮೂರು ಅಂದ್ರೆ ಪಾಂಡವರ ಲೆಕ್ಕ, ನಾಲ್ಕು ಅಂದ್ರೆ ಕರ್ಣನೂ ಸೇರಿದ ಲೆಕ್ಕ. ಮಹಾಭಾರತದ ಅರ್ಧ ಸಂಕಟವೇ ಆ ಒಂದರಲ್ಲಿದೆ. ಇಂಥ ಕಾರ್ಡು ಬಂದಾಗ ವಿಡಿಯೋ ನಿಲ್ಲಿಸಿ. ಒಲೆ ಮೇಲೆ ಹಾಲು ಇಟ್ಟಿದ್ರೆ ಅದನ್ನೊಂದು ಆರಿಸಿ ಬಂದು, ಮಕ್ಕಳ ಪಕ್ಕ ಕೂತು ಕರ್ಣನ ಕಥೆ ಹೇಳಿ.