ದೋಸೆ ಕಲಿಸುವಾಗ ಬಾಯಿಗೆ ಬೀಗವಿರಲಿ



ಊರಿಗೆ ಪತ್ರ ಬರೆದರೆ ದೋಸೆ ಭಟ್ಟರು ರೈಲು ಹತ್ತಿ ಬರುತ್ತಿದ್ದ ಕಾಲ ಹೋಯಿತು. ಹೈದರಾಬಾದಿನಲ್ಲಿ ಇಂದು ಕಾವಲಿ ಮುಂದೆ ಒಡಿಶಾ, ಬಂಗಾಳದ ಹುಡುಗರೂ ನಿಲ್ಲುತ್ತಾರೆ. ಅವರಿಗೆ ನಾವೇ ಕಲಿಸಬೇಕು. ಹುಡುಗ ಬೇಗ ಕಲಿಯದಿರಲು ಎಷ್ಟೋ ಕಡೆ ಕಲಿಸುವವರ ಬಾಯಿಯೇ ಕಾರಣ ಎಂಬುದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ ಒಡಿಶಾದ ಹುಡುಗನೊಬ್ಬನನ್ನು ಕಾವಲಿಗೆ ಹಾಕಿದೆವು. ಅವನ ದೋಸೆ ನಡುವೆ ದಪ್ಪ, ಅಂಚಿನಲ್ಲಿ ಹರುಕು. ಹಿರಿಯ ಭಟ್ಟರು ಪಕ್ಕದಲ್ಲೇ ನಿಂತು "ತೆಳ್ಳಗೆ ಎಳಿ, ಬೇಗ, ಮಣಿಕಟ್ಟು ತಿರುಗಿಸು" ಎಂದು ಒಂದೇ ಸಮನೆ ಹೇಳುತ್ತಿದ್ದರು. ಹಿಟ್ಟು ಹರಡಲು ಸಿಗುವುದೇ ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಮೂರು ಮಾತು ಕೇಳಿದವನ ಕೈ ಮರಗಟ್ಟಿತು.

ಮಧ್ಯಾಹ್ನ 3 ಗಂಟೆಗೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಭ್ಯಾಸಕ್ಕೆ ನಿಲ್ಲಿಸಿದೆವು. ಹಿಟ್ಟು ಹೊಯ್ದಲ್ಲಿಂದ ಕೊನೆಯ ಸುತ್ತು ಮುಗಿಯುವ ತನಕ ಯಾರೂ ಮಾತಾಡಕೂಡದು ಎಂದೆವು. ದೋಸೆ ಎಬ್ಬಿಸಿದ ಮೇಲೆ ಅದನ್ನು ಮಗುಚಿ ಅವನಿಗೇ ತೋರಿಸಿ, "ಎಲ್ಲಿ ದಪ್ಪ ಆಯಿತು?" ಎಂದು ಕೇಳಬೇಕು. ನಡುವೆ ಬೆಳ್ಳಗೆ, ಅಂಚು ಕಪ್ಪಗೆ ಇರುವುದು ಅವನ ಕಣ್ಣಿಗೇ ಬೀಳುತ್ತದೆ. ಆಮೇಲೆ ಒಂದೇ ಸೂಚನೆ: "ಕಟೋರಿ ಹಿಟ್ಟಿನ ಮೇಲೆ ತೇಲಲಿ, ಕಾವಲಿಗೆ ತಾಗಿದ ಸದ್ದು ಬರಬಾರದು." ಮಣಿಕಟ್ಟು, ಮೊಣಕೈ ಎಂದು ಮೈಯ ಕಡೆ ಗಮನ ಸೆಳೆದರೆ ಕೈ ಬಿಗಿಯುತ್ತದೆ. ಸದ್ದು ಕೇಳು ಎಂದರೆ ಕೈ ತಾನಾಗಿ ಹಗುರಾಗುತ್ತದೆ. "ಸರಿಯಾಗಿ ಹಾಕು" ಎಂಬ ಮಾತಿನಿಂದ ಕಾಸಿನ ಪ್ರಯೋಜನವಿಲ್ಲ.

ಪ್ರತಿ ದೋಸೆಗೂ ಹೇಳುವುದು ಬೇಡ. ಮೊದಲ ದಿನ ಸ್ವಲ್ಪ ಹೆಚ್ಚು ಹೇಳಿದರೂ, ಆಮೇಲೆ ನಾಲ್ಕೈದಕ್ಕೆ ಒಂದು ಸಲ ಸಾಕು. ಪ್ರತಿ ಸಲ ಹೇಳಿದರೆ ಪಕ್ಕದಲ್ಲಿ ನಾವಿರುವ ತನಕ ಚೆನ್ನಾಗಿ ಹಾಕುತ್ತಾನೆ, ಭಟ್ಟರು ರಜೆಗೆ ಹೋದ ದಿನ ಕೈ ಬಿಡುತ್ತಾನೆ. ಕ್ರೀಡಾ ತರಬೇತಿಯ ಬಗ್ಗೆ ಅಧ್ಯಯನ ಮಾಡಿದ ಕೆಲವರೂ ಇದನ್ನೇ ಹೇಳಿದ್ದಾರೆ. ಇದರಿಂದ ಹತ್ತಾರು ದೋಸೆ ಕೆಡುತ್ತವೆ ನಿಜ. ಹರಿದದ್ದು ನೌಕರರ ತಿಂಡಿಗಾಯಿತು!

ಆದರೆ ತಪ್ಪು ಕೈಯದೋ ಕಾವಲಿಯದೋ ಎಂದು ಮೊದಲು ನೋಡಬೇಕು. ಚಿಮುಕಿಸಿದ ನೀರು ಚುರ್ ಎಂದು ಆರದೆ ಮುತ್ತಿನಂತೆ ಉರುಳಾಡಿದರೆ ಕಾವಲಿ ಅತಿಯಾಗಿ ಕಾದಿದೆ. ಹಿಟ್ಟು ಕಟೋರಿಗೇ ಅಂಟಿಕೊಂಡು ಮೇಲೆ ಬರುತ್ತದೆ. ಅಲ್ಲಿ ಹುಡುಗನಿಗೆ ಏನು ಹೇಳಿಯೂ ಫಲವಿಲ್ಲ, ಉರಿ ತಗ್ಗಿಸಿ ನೀರು ಹಾಕಿ ಒರೆಸಬೇಕು. ಹಿಟ್ಟು ಗಟ್ಟಿಯಾಗಿದ್ದರೂ ಅಷ್ಟೇ. ಕೈ ಸುಡುವಂತಿದ್ದರೆ, ಗ್ಯಾಸ್ ವಾಸನೆ ಬಂದರೆ ಮಾತ್ರ ತಕ್ಷಣ ಕೂಗಿ ನಿಲ್ಲಿಸಬೇಕು.

ಬೆಳಗ್ಗಿನ ರಶ್ಶಿನಲ್ಲಿ ಕಲಿಸುವ ಕೆಲಸವೇ ಬೇಡ. ಗಿರಾಕಿಗಳೆದುರು ಬೈಸಿಕೊಂಡ ಹುಡುಗ ತಿಂಗಳ ಕೊನೆಗೆ ಪಕ್ಕದ ಹೋಟೆಲಿನಲ್ಲಿರುತ್ತಾನೆ. ದೋಸೆ ಹರಿದರೆ ಭಟ್ಟರು ಸುಮ್ಮನೆ ಕಟೋರಿ ತೆಗೆದುಕೊಳ್ಳಲಿ, ಅವನು ಚಟ್ನಿ ಬಡಿಸಲಿ. ಮಧ್ಯಾಹ್ನ 3ಕ್ಕೆ ಮತ್ತೆ ಕಾವಲಿ ಕಾಯಿಸಿದರಾಯಿತು.