12 ವರ್ಷ, ಆದರೆ ಯಾವ ದಿನದಿಂದ?

ಬೇಗೂರು ಹೋಬಳಿಯಲ್ಲಿ ಜಮೀನಿನ ತಕರಾರು ಎದ್ದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಹನ್ನೆರಡು ವರ್ಷ ಉತ್ತವನಿಗೇ ಭೂಮಿ.’ ಇದು ಅರ್ಧ ಮಾತು. ಇದನ್ನೇ ನೆಚ್ಚಿ ಕೋರ್ಟಿಗೆ ಹೋದ ಉಳುವವನೂ ಸೋಲುತ್ತಾನೆ, ಇದನ್ನು ಹಗುರವಾಗಿ ಕಂಡ ಖಾತೆದಾರನೂ ಸೋಲುತ್ತಾನೆ.

ಕಾನೂನು ಇದನ್ನು ಪ್ರತಿಕೂಲ ಸ್ವಾಧೀನ ಎನ್ನುತ್ತದೆ. ಇನ್ನೊಬ್ಬರ ಜಮೀನನ್ನು ಅವರ ಹಕ್ಕಿಗೆ ವಿರುದ್ಧವಾಗಿ, ಎಲ್ಲರ ಕಣ್ಣಿಗೆ ಕಾಣುವಂತೆ, ಎಡೆಬಿಡದೆ ಅನುಭವಿಸುವುದು ಎಂದು ಅರ್ಥ. 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಂತೆ ಮಾಲೀಕ ತನ್ನ ಜಮೀನನ್ನು ಬಿಡಿಸಿಕೊಳ್ಳಲು 12 ವರ್ಷದೊಳಗೆ ದಾವೆ ಹೂಡಬೇಕು. ಹೂಡದಿದ್ದರೆ ಅದೇ ಕಾಯ್ದೆಯ 27ನೇ ಕಲಮಿನಂತೆ ಅವನ ಹಕ್ಕೇ ಅಳಿದುಹೋಗುತ್ತದೆ. ಆದರೆ ಈ 12 ವರ್ಷ ನೇಗಿಲು ಹೂಡಿದ ದಿನದಿಂದ ಶುರುವಾಗುವುದಿಲ್ಲ. ಸ್ವಾಧೀನ ಮಾಲೀಕನಿಗೆ ಎದುರಾಗಿ ತಿರುಗಿದ ದಿನದಿಂದ ಶುರುವಾಗುತ್ತದೆ.

ಸರ್ಕಾರಿ ಜಮೀನಿಗೆ ಗಡುವು 30 ವರ್ಷ. ಅಲ್ಲಿ ನ್ಯಾಯಾಲಯಗಳು ಇನ್ನೂ ಬಿಗಿಯಾಗಿ ಸಾಕ್ಷ್ಯ ಕೇಳುತ್ತವೆ. ಬಗರ್ ಹುಕುಂ ದಾರಿಯೇ ಬೇರೆ: ನಮೂನೆ 57 ಕೊಟ್ಟವರು ಭೂಮಿ ಸರ್ಕಾರದ್ದೆಂದು ಒಪ್ಪಿ ಮಂಜೂರಾತಿ ಕೇಳಿದಂತೆ. ಎರಡನ್ನೂ ಒಂದೇ ಬಾಯಲ್ಲಿ ಹೇಳಲಾಗದು.

ನಮ್ಮ ಕಡೆ ನಡೆಯುವಂಥದೇ ಒಂದು ಸಂದರ್ಭ ಇಟ್ಟುಕೊಳ್ಳೋಣ. ಅಣ್ಣ ತಮ್ಮಂದಿರು ಪಾಲಾಗಿದ್ದಾರೆ. ಅಣ್ಣ 1990ರಲ್ಲಿ ಕೆಲಸಕ್ಕೆಂದು ಮೈಸೂರು ಸೇರುವಾಗ ತನ್ನ ಪಾಲಿನ ಎರಡು ಎಕರೆಯನ್ನು ‘ನೀನೇ ನೋಡ್ಕೊ’ ಎಂದು ತಮ್ಮನಿಗೆ ಬಿಟ್ಟ. ತಮ್ಮ ಪ್ರತಿ ಸುಗ್ಗಿಗೂ ಎರಡು ಮೂಟೆ ರಾಗಿ ಕಳಿಸುತ್ತಿದ್ದ. 2003ರ ಜೂನ್‌ನಲ್ಲಿ ಅಣ್ಣ ಬಂದು ಕೇಳಿದಾಗ ತಮ್ಮ ಊರಿನ ನಾಲ್ಕು ಜನರ ಮುಂದೆ, ‘ಇದು ನಂದು, ಇನ್ಮೇಲೆ ಇಲ್ಲಿಗೆ ಕಾಲಿಡಬೇಡ ಕಣಣ್ಣ’ ಎಂದುಬಿಟ್ಟ. ರಾಗಿ ಬರುವುದೂ ನಿಂತಿತು.

ಮೊದಲ 13 ವರ್ಷ ಲೆಕ್ಕಕ್ಕಿಲ್ಲ. ಅವು ಅಣ್ಣನ ಅನುಮತಿಯ ವರ್ಷಗಳು. ಅನುಮತಿಯ ಮೇಲೆ 50 ವರ್ಷ ಉತ್ತರೂ ಹಕ್ಕು ಹುಟ್ಟದು. ಗುತ್ತಿಗೆಗೂ ವಾರಕ್ಕೂ ಇದೇ ಮಾತು. ಪಾಲೇ ಆಗದ ಕುಟುಂಬದಲ್ಲಂತೂ ಒಬ್ಬನ ಸ್ವಾಧೀನ ಎಲ್ಲರ ಸ್ವಾಧೀನ. ಉಳಿದವರನ್ನು ಬಹಿರಂಗವಾಗಿ ಹೊರಗಿಟ್ಟದ್ದನ್ನು ರುಜುವಾತು ಮಾಡಬೇಕು. ಇಲ್ಲಿ ಗಡಿಯಾರ ತಿರುಗಿದ್ದು ಆ ಜೂನ್‌ನಿಂದ. ನಡುವೆ 2008ರಲ್ಲಿ ತಮ್ಮ ಅಣ್ಣನ ಪಾಲೆಂದು ಒಂದೇ ಒಂದು ಮೂಟೆ ಕಳಿಸಿದ್ದರೂ ಅವನ ಲೆಕ್ಕ ಕೆಡುತ್ತಿತ್ತು.

ವಿಜಾಪುರದ ಆಸ್ತಿಯೊಂದರ ಬಗ್ಗೆ ಕರ್ನಾಟಕ ವಕ್ಫ್ ಮಂಡಳಿ ಮತ್ತು ಕೇಂದ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಬಿಡಿಸಿ ಹೇಳಿತು. ಯಾವ ದಿನ ಸ್ವಾಧೀನಕ್ಕೆ ಬಂದೆ, ಅದು ಎಂಥ ಸ್ವಾಧೀನ, ಎದುರಿನವನಿಗೆ ಗೊತ್ತಿತ್ತೇ, ಎಷ್ಟು ಕಾಲ ನಡೆಯಿತು, ಬಹಿರಂಗವಾಗಿ ತಡೆಯಿಲ್ಲದೆ ನಡೆಯಿತೇ — ಹಕ್ಕು ಕೇಳುವವನೇ ಇಷ್ಟನ್ನೂ ತೋರಿಸಬೇಕು. ‘ನಾನೇ ಮಾಲೀಕ, ಅದಿಲ್ಲದಿದ್ದರೆ ಪ್ರತಿಕೂಲ ಸ್ವಾಧೀನದಿಂದ ಮಾಲೀಕ’ ಎನ್ನುವ ಎರಡು ವಾದ ಒಂದಕ್ಕೊಂದು ಹೊಂದುವುದಿಲ್ಲ ಎಂದೂ ಅದು ಹೇಳಿತು. ಎಷ್ಟೋ ದಾವೆಗಳು ಬೀಳುವುದು ಇಲ್ಲೇ: ದಿನಾಂಕ ಕೇಳಿದರೆ ‘ಮೊದಲಿಂದಲೂ’ ಎಂಬ ಉತ್ತರ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರಿದ್ದರೆ ಉತ್ತದ್ದಕ್ಕೆ ಸಾಕ್ಷಿಯಾದೀತು. ಎದುರಾಗಿ ಉತ್ತದ್ದಕ್ಕೆ ಆಗದು. ನಮ್ಮ ತಮ್ಮನಿಗೆ ಆಸರೆ ಆ ನಾಲ್ಕು ಜನ ಮಾತ್ರ.

ಇನ್ನು ಅಣ್ಣ. 2014ರಲ್ಲಿ ವಕೀಲರಿಂದ ನೋಟಿಸ್ ಕೊಡಿಸಿ, 9ನೇ ಕಾಲಂನಲ್ಲಿ ಹೆಸರು ತನ್ನದೇ ಇದೆಯೆಂದು ಧೈರ್ಯವಾಗಿದ್ದ. ದಾವೆ ಹೂಡಿದ್ದು 2016ರಲ್ಲಿ. ನೋಟಿಸ್‌ನಿಂದ ಗಡಿಯಾರ ನಿಲ್ಲುವುದಿಲ್ಲ, ತಹಶೀಲ್ದಾರರಿಗೆ ಕೊಟ್ಟ ಅರ್ಜಿಯಿಂದಲೂ ಇಲ್ಲ. ಆ ನಾಲ್ವರ ಸಾಕ್ಷ್ಯ ನಿಂತರೆ 2015ರ ಜೂನ್‌ಗೇ ಅವನ ಹಕ್ಕು ಮುಗಿದಿದೆ. 2019ರಲ್ಲಿ ರವೀಂದರ್ ಕೌರ್ ಗ್ರೇವಾಲ್ ಪ್ರಕರಣದ ತೀರ್ಪು ಬಂದ ಮೇಲೆ ಸ್ವಾಧೀನದಲ್ಲಿರುವವನು ತಾನೇ ವಾದಿಯಾಗಿ ಬಂದು ಮಾಲೀಕತ್ವ ಘೋಷಿಸಿ ಎಂದು ಕೇಳಬಹುದು; ಅಲ್ಲಿಯವರೆಗೆ ಇದು ಪ್ರತಿವಾದಿಗೆ ಮಾತ್ರ ಸಿಗುವ ಗುರಾಣಿ ಎಂಬ ನಿಲುವಿತ್ತು.

1990ರಲ್ಲಿ ಮೈಸೂರಿನ ಬಸ್ಸು ಹತ್ತುವ ಮುಂಚೆ ಒಂದು ಹಾಳೆಯಲ್ಲಿ ‘ಅಣ್ಣನ ಜಮೀನನ್ನು ಅವನ ಒಪ್ಪಿಗೆಯಿಂದ ಮಾಡುತ್ತಿದ್ದೇನೆ’ ಎಂದು ತಮ್ಮನ ಸಹಿ ಪಡೆದು, ರಾಗಿ ಬಂದ ವರ್ಷಗಳನ್ನೂ ಬರೆದಿಟ್ಟಿದ್ದರೆ 2003ರವರೆಗಿನ ಲೆಕ್ಕ ಗಟ್ಟಿಯಾಗಿರುತ್ತಿತ್ತು. ಆ ಜೂನ್‌ನ ಮಾತಾದ ಮೇಲೆ ಉಳಿದಿದ್ದು ಒಂದೇ: ಗಡುವಿನೊಳಗೆ ಸಿವಿಲ್ ಕೋರ್ಟಿನಲ್ಲಿ ಸ್ವಾಧೀನಕ್ಕಾಗಿ ದಾವೆ.