ಚಪ್ಪಲಿ ಗೂಡಿಗೂ ಉಸಿರು ಬೇಕು ಗುರು

(1/4)
ಮಳೆಗಾಲದಲ್ಲಿ ಬೇಲೂರು, ಹಳೇಬೀಡು ಸುತ್ತಿ ಬಂದವರೆಲ್ಲ ಒಮ್ಮೆ ಕೈ ಎತ್ತಿ. ಶೂ ಹೊರಗೆ ಬಿಟ್ಟು ಒದ್ದೆ ಕಲ್ಲಿನ ಮೇಲೆ ಓಡಾಡಿ, ಅದೇ ಒದ್ದೆ ಕಾಲನ್ನ ಶೂ ಒಳಗೆ ತುರುಕಿ ಅರಸೀಕೆರೆ ಬಸ್ ಹತ್ತಿರ್ತೀರ. ಮನೆಗೆ ಬಂದು ಆ ಶೂನ ಬಾಗಿಲ ಪಕ್ಕದ ಹೊಳೆಯೋ ಕಪಾಟಿಗೆ ಹಾಕಿ ಟಪ್ ಅಂತ ಮುಚ್ತೀರ. ನಾಲ್ಕು ದಿನ ಬಿಟ್ಟು ತೆಗೆದ್ರೆ ಗಬ್ಬು ವಾಸನೆ, ಬಿಳಿ ಬೂಷ್ಟು. ಬೈಸ್ಕೊಳ್ಳೋದು ಶೂ. ತಪ್ಪು ಮಾತ್ರ ಕಪಾಟಿಂದು.

(2/4)
ಮುಂದಕ್ಕೆ ವಾಲೋ ಮುಚ್ಚಳದ ಕಪಾಟೇ ಬೇಡ ಅಂತ ನಾನು ಹೇಳ್ತಿಲ್ಲ. ಸಣ್ಣ ಮನೆಗೆ ಅದೇ ಸರಿ. ಲೆಕ್ಕ ನೋಡಿ: ಬಾಗಿಲ ಹತ್ತಿರ ಮೂರಡಿ ಅಗಲದ ಜಾಗ, ಅಂದ್ರೆ 36 ಇಂಚು. ಶೂ ಮಲಗಿಸಿ ಇಡೋ ಮಾಮೂಲಿ ಕಪಾಟಿಗೆ 14 ಇಂಚು ಆಳ ಬೇಕು, ಓಡಾಡೋಕೆ ಉಳಿಯೋದು 22. ವಾಲೋ ಮುಚ್ಚಳದಲ್ಲಿ ಶೂ ಮೂತಿ ಕೆಳಗೆ ಮಾಡಿ ಓರೆಯಾಗಿ ನಿಲ್ಲುತ್ತೆ, ಸುಮಾರು 7 ಇಂಚು ಆಳ ಸಾಕು, 29 ಉಳಿಯುತ್ತೆ. ಉದ್ದ ಬೂಟು ಮಾತ್ರ ಅದರಲ್ಲಿ ಹಿಡಿಯಲ್ಲ.

(3/4)
ಆದ್ರೆ ಕಡಿಮೆ ಆಳ ಅಂದ್ರೆ ಒಳಗೆ ಗಾಳಿನೂ ಕಡಿಮೆ. ನಮ್ಮವರು ಏನ್ ಮಾಡ್ತಾರೆ? ಮುಚ್ಚಳದ ಮೇಲೆ ಚಂದಕ್ಕೆ ನಾಲ್ಕು ತೂತು ಹೊಡೆಸಿ, ಹಿಂದೆ ಪೂರ್ತಿ ಪ್ಲೈವುಡ್ ಬಡಿದು ಗೋಡೆಗೆ ಅಂಟಿಸ್ತಾರೆ. ಅದು ಗಾಳಿ ಕಿಂಡಿ ಅಲ್ಲ, ಮೇಕಪ್. ಗಾಳಿ ಬರೋಕೊಂದು ದಾರಿ, ಹೋಗೋಕೊಂದು ದಾರಿ ಇರ್ಬೇಕು. ಕೆಳಗೆ ಎರಡಿಂಚು ಕಾಲು ಕೊಟ್ಟು ತಳದ ಹಲಗೆಯಲ್ಲಿ ಸೀಳು ಬಿಡಿಸಿ. ಹಿಂದಿನ ಹಲಗೆಯ ಮೇಲ್ತುದಿಯಲ್ಲಿ ಒಂದಿಂಚು ಖಾಲಿ ಬಿಟ್ಟು, ಕಪಾಟು ಮತ್ತೆ ಗೋಡೆ ನಡುವೆ ಅರ್ಧ ಇಂಚಿನ ಮರದ ತುಂಡು ಇಡಿಸಿ. ಅಂತಸ್ತುಗಳ ಮಧ್ಯೆ ಗಟ್ಟಿ ಹಲಗೆ ಬೇಡ, ಪಟ್ಟಿ ಸಾಕು. ಇಲ್ಲಾಂದ್ರೆ ಕೆಳಗಿನ ಗಾಳಿ ಮೇಲಕ್ಕೆ ಹೋಗೋದು ಹೇಗೆ?

(4/4)
ಆ ಮರದ ತುಂಡಿನ ಮೂಲಕವೇ ಗೋಡೆಗೆ ಸ್ಕ್ರೂ ಹಾಕ್ಸಿ. ತೆಳ್ಳನೆ ಕಪಾಟು, ಮೇಲಿನ ಎರಡು ಮುಚ್ಚಳ ಒಟ್ಟಿಗೆ ತೆಗೆದ್ರೆ ಭಾರ ಮುಂದಕ್ಕೆ ಬಂದು ಉರುಳುತ್ತೆ. ಮನೇಲಿ ಪುಟ್ಟ ಮಕ್ಕಳಿದ್ರೆ ಇದು ತಮಾಷೆ ಅಲ್ಲ. ಮುಚ್ಚಳ ತಿರುಗೋ ಪಟ್ಟಿಯ ಸ್ಕ್ರೂನೂ ಪ್ಲೈವುಡ್‌ಗೇ ಕೂರ್ಬೇಕು. ಪುಡಿ ಒತ್ತಿ ಮಾಡಿದ ಅಗ್ಗದ ಬೋರ್ಡು ಒದ್ದೆ ಚಪ್ಪಲಿಯ ನೀರು ಕುಡಿದು ಊದ್ಕೊಳ್ಳುತ್ತೆ, ಸ್ಕ್ರೂ ಕಿತ್ತು ಬರುತ್ತೆ. ಮುಚ್ಚಳ ಒಂದು ಕಡೆ ಇಳಿಬಿದ್ದು ಉಜ್ಜೋಕೆ ಶುರು ಮಾಡಿದ್ರೆ ಅದೇ ಗುರುತು.

ಗಾಳಿ ಆಡುತ್ತಾ ಅಂತ ಪರೀಕ್ಷೆ ಮಾಡ್ಬೇಕಾ? ಬೆವರಿದ ಒಂದು ಜೊತೆ ಶೂನಲ್ಲಿ ಎರಡಕ್ಕೂ ಒಣ ಪೇಪರ್ ಉಂಡೆ ತುರುಕಿ, ಒಂದನ್ನ ಕಪಾಟಲ್ಲಿ, ಇನ್ನೊಂದನ್ನ ಹೊರಗೆ ರಾತ್ರಿ ಇಡಿ. ಬೆಳಗ್ಗೆ ಕಪಾಟಿನ ಪೇಪರ್ ಮಾತ್ರ ಮೆತ್ತಗಿದ್ರೆ ಗಾಳಿ ಆಡ್ತಿಲ್ಲ ಅಂತ ಅರ್ಥ. ಹಾಗಂತ ತೊಯ್ದ ಶೂನ ಎಷ್ಟೇ ಒಳ್ಳೆ ಕಪಾಟೂ ಒಣಗಿಸಲ್ಲ. ಮೊದಲು ಹೊರಗೆ ಒಣಗ್ಲಿ, ಆಮೇಲೆ ಒಳಗೆ.

ಬಾಗಿಲು ಫೋಟೋದಲ್ಲಿ ಚಂದ ಕಾಣ್ಲಿ ಅಂತ ವಾಸನೆನ ಮುಚ್ಚಿಡೋಕೆ ದುಡ್ಡು ಕೊಡ್ಬೇಡಿ. ಫೋಟೋಗೆ ಮೂಗಿಲ್ಲ, ಮನೆಗೆ ಬರೋರಿಗೆ ಇದೆ. ಮನೇಲಿ ಕಪಾಟು ಮಾಡಿಸ್ತಿದ್ರೆ 3/4 ನ ಕಾರ್ಪೆಂಟರ್ ಅಣ್ಣಂಗೆ ತೋರಿಸಿ.

#ಚಪ್ಪಲಿಗೂಡು #ಅರಸೀಕೆರೆ